ಪಟ್ಟಿಯಲ್ಲಿದೆ, ಪುಸ್ತಕದಲ್ಲಿಲ್ಲ: ಸಪ್ಲೈಯರ್ ಕಳಿಸಿದ ಬಾಕಿ ಲೆಕ್ಕವನ್ನು ತಾಳೆ ನೋಡುವುದು

ಮಾರ್ಚ್ ಮುಗಿದ ಎರಡನೇ ವಾರಕ್ಕೆ ಅಂಗಡಿಗಳಿಗೆ ಸಪ್ಲೈಯರ್‌ಗಳ ಸ್ಟೇಟ್‌ಮೆಂಟ್ ಬರತೊಡಗುತ್ತವೆ. ವರ್ಷವಿಡೀ ನಿಮಗೆ ಕಳಿಸಿದ ಬಿಲ್ಲುಗಳು ಇಷ್ಟು, ನೀವು ಕೊಟ್ಟದ್ದು ಇಷ್ಟು, ಬಾಕಿ ಇಷ್ಟು, ಸಹಿ ಮಾಡಿ ಕಳಿಸಿ ಎನ್ನುವ ಕಾಗದ. ಅದರಲ್ಲಿ ನಿಮ್ಮ ಲೆಡ್ಜರಿನಲ್ಲಿ ಇಲ್ಲದ, ನೀವು ಕಂಡೇ ಇಲ್ಲದ ಎರಡು ಮೂರು ಬಿಲ್ಲುಗಳಿದ್ದರೆ ಏನು ಮಾಡಬೇಕು? ಹೆಚ್ಚಿನ ಅಂಗಡಿಗಳಲ್ಲಿ ಇದಕ್ಕೆ ಎರಡು ರೂಢಿಗಳಿವೆ. ಹಳೆಯ ವ್ಯವಹಾರ, ಸುಳ್ಳು ಬರೆಯಲಾರರು ಎಂದು ಪಟ್ಟಿ ನೋಡಿಕೊಂಡೇ ಬಿಲ್ಲುಗಳನ್ನು ಪುಸ್ತಕಕ್ಕೆ ಏರಿಸಿಬಿಡುವುದು ಒಂದು. ನಮಗೆ ಬಂದಿಲ್ಲ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಇನ್ನೊಂದು. ಎರಡರಲ್ಲೂ ಹಣ ಕಳೆದುಕೊಳ್ಳುವ ದಾರಿಯಿದೆ.

ತಿಪಟೂರಿನಲ್ಲಿ ಒಂದು ಪೈಪು, ಫಿಟಿಂಗ್ಸ್ ಅಂಗಡಿ ಇದೆ ಎಂದಿಟ್ಟುಕೊಳ್ಳೋಣ. ಮಾಲು ಬರುವುದು ಬೆಂಗಳೂರಿನ ಒಬ್ಬ ಸಗಟು ವ್ಯಾಪಾರಿಯಿಂದ. 2025ರ ಮಾರ್ಚ್ 31ಕ್ಕೆ ಸಗಟಿನವರ ಸ್ಟೇಟ್‌ಮೆಂಟ್ ಹೇಳುವ ಬಾಕಿ 4,98,700 ರೂಪಾಯಿ. ಅಂಗಡಿಯ ಲೆಡ್ಜರ್ ಹೇಳುವುದು 3,13,500. ವ್ಯತ್ಯಾಸ 1,85,200 ರೂಪಾಯಿ.

ಮೊದಲು ನೋಡಬೇಕಾದದ್ದು ವರ್ಷದ ಮೊದಲ ಸಾಲು. 2024ರ ಏಪ್ರಿಲ್ 1ರ ಆರಂಭದ ಬಾಕಿ ಎರಡೂ ಕಡೆ ಒಂದೇ ಇದ್ದರೆ ವ್ಯತ್ಯಾಸ ಈ ವರ್ಷದೊಳಗೇ ಹುಟ್ಟಿದೆ ಎಂದರ್ಥ. ಅಲ್ಲೇ ಬೇರೆ ಇದ್ದರೆ ಇಬ್ಬರ ಲೆಕ್ಕವೂ ಕೊನೆಯ ಸಲ ಕೂಡಿಬಂದ ದಿನದವರೆಗೆ ಹಿಂದೆ ಹೋಗಬೇಕು. ಇಲ್ಲವಾದರೆ ಈ ವರ್ಷದ ಬಿಲ್ಲುಗಳನ್ನು ಎಷ್ಟು ತಿರುವಿಹಾಕಿದರೂ ಉತ್ತರ ಸಿಗದು. ಆಮೇಲೆ ಬಿಲ್ಲುಗಳನ್ನು ನಂಬರಿನಿಂದ ಮಾತ್ರವಲ್ಲ, ಮೊತ್ತದಿಂದಲೂ ಹೊಂದಿಸಿ ನೋಡಬೇಕು. 1042 ಎನ್ನುವ ಬಿಲ್ಲನ್ನು 1024 ಎಂದು ಟೈಪ್ ಮಾಡಿರುವುದು, ಬಿಲ್ ನಂಬರಿನ ಜಾಗದಲ್ಲಿ ಲಾರಿ ರಸೀದಿಯ ನಂಬರ್ ಹಾಕಿರುವುದು ದಿನನಿತ್ಯದ ಸಂಗತಿ. ಕಾಣೆಯಾದ ಬಿಲ್ಲು ಅಂದುಕೊಂಡು ಮತ್ತೆ ಏರಿಸಿದರೆ ಒಂದೇ ಮಾಲಿಗೆ ಎರಡು ಸಲ ಬಾಕಿ ತೋರಿಸಿದಂತಾಗುತ್ತದೆ.

ಈ ಅಂಗಡಿಯಲ್ಲಿ ಹೀಗೆ ಹೊಂದಿಸಿದ ಮೇಲೆ ಐದು ಸಾಲು ಉಳಿದವು. ಎರಡು ಸುಲಭದವು. ಫೆಬ್ರವರಿಯಲ್ಲಿ ಅಂಗಡಿ ಬ್ಯಾಂಕಿನಿಂದ ಕಳಿಸಿದ 20,000 ರೂಪಾಯಿ ಸಗಟಿನವರ ಪಟ್ಟಿಯಲ್ಲಿ ಜಮಾ ಆಗಿಲ್ಲ. ಒಡೆದ ಮಾಲಿಗೆ ಅಂಗಡಿ ಕಡಿತ ಮಾಡಿದ 5,900 ರೂಪಾಯಿಗೆ ಅವರಿನ್ನೂ ಕ್ರೆಡಿಟ್ ನೋಟ್ ಕೊಟ್ಟಿಲ್ಲ. ಉಳಿದ ಮೂರೂ ಅಂಗಡಿ ನೋಡಿಯೇ ಇಲ್ಲದ ಬಿಲ್ಲುಗಳು: ಜನವರಿ 21ರ 968 ನಂಬರಿನದು 41,300 ರೂಪಾಯಿ, ಫೆಬ್ರವರಿ 18ರ 1042 ನಂಬರಿನದು 47,200, ಮಾರ್ಚ್ 29ರ 1187 ನಂಬರಿನದು 70,800.

ಕೊನೆಯದು ಬೇಗ ಬಗೆಹರಿಯಿತು. ವರ್ಷದ ಕೊನೆಗೆ ಬಿಲ್ ಆಗಿ, ಮಾಲು ಟ್ರಾನ್ಸ್‌ಪೋರ್ಟ್ ಗೋಡೌನಿನಲ್ಲಿ ಕೂತು, ಏಪ್ರಿಲ್ 2ಕ್ಕೆ ತಿಪಟೂರು ತಲುಪಿದೆ. ಇನ್‌ವರ್ಡ್ ಪುಸ್ತಕದಲ್ಲಿ ಆ ದಿನದ ನಮೂದೂ ಇದೆ. ಮಾರ್ಚ್ 31ಕ್ಕೆ ಅದು ದಾರಿಯಲ್ಲಿದ್ದ ಮಾಲು. ಅದರ ಜಿಎಸ್‌ಟಿ ಕ್ರೆಡಿಟ್ಟನ್ನು ಮಾಲು ಕೈಸೇರಿದ ಏಪ್ರಿಲ್ ತಿಂಗಳಿನಲ್ಲಿ ಪಡೆಯಬೇಕು.

ನಿಜವಾದ ಕಷ್ಟ ಇರುವುದು 968 ಮತ್ತು 1042ರಲ್ಲಿ. ಕಾಗದದ ಮೇಲೆ ಇವೆರಡಕ್ಕೂ ಏನೇನೂ ವ್ಯತ್ಯಾಸವಿಲ್ಲ. ಎರಡರ ಬಿಲ್ಲೂ ಅಂಗಡಿಯಲ್ಲಿಲ್ಲ, ಎರಡೂ ಇನ್‌ವರ್ಡ್ ಪುಸ್ತಕದಲ್ಲಿಲ್ಲ. ಸಾಗಣೆಯ ಮಾಲಿನ ಮೌಲ್ಯ 50,000 ರೂಪಾಯಿ ದಾಟಿದರೆ ಮಾತ್ರ ಇ-ವೇ ಬಿಲ್ ಕಡ್ಡಾಯವಾದ್ದರಿಂದ ಇವುಗಳಿಗೆ ಅದೂ ಇಲ್ಲ. ಆದರೆ ಎರಡೂ ಅಂಗಡಿಯ ಜಿಎಸ್‌ಟಿಆರ್-2ಬಿಯಲ್ಲಿ ಕಾಣುತ್ತವೆ. 2ಬಿ ಎಂದರೆ ಸಪ್ಲೈಯರ್‌ಗಳು ಸಲ್ಲಿಸಿದ ಮಾರಾಟ ವಿವರದಿಂದ ಪ್ರತಿ ತಿಂಗಳ 14ರಂದು ಪೋರ್ಟಲಿನಲ್ಲಿ ತಾನಾಗಿ ತಯಾರಾಗುವ ಖರೀದಿ ಪಟ್ಟಿ. ಸಗಟಿನವರ ಗುಮಾಸ್ತರಿಗೆ ಫೋನ್ ಮಾಡಿದರೆ ಬರುವ ಮೊದಲ ಉತ್ತರವೂ ಇದೇ.

“ಸಾರ್, ನಿಮ್ಮ 2ಬಿಯಲ್ಲೇ ಬಂದಿದೆಯಲ್ಲ, ನೋಡ್ಕೊಳ್ಳಿ.”

“2ಬಿಯಲ್ಲಿ ಬಿಲ್ಲು ಬಂದಿದೆ ಸಾರ್. ಮಾಲು ಎಲ್ಲಿ ಇಳಿಸಿದ್ರಿ, ಯಾರು ಸಹಿ ಮಾಡಿದ್ರು ಹೇಳಿ.”

ಈ ಪ್ರಶ್ನೆಯಿಂದಲೇ ತಾಳೆಯ ಕೆಲಸ ಶುರುವಾಗುವುದು. ಬಿಲ್ಲು ಬರೆದವರೂ ಅವರೇ, ಅದನ್ನು ಪೋರ್ಟಲಿಗೆ ಏರಿಸಿದವರೂ ಅವರೇ, ಸ್ಟೇಟ್‌ಮೆಂಟ್ ತೆಗೆದವರೂ ಅವರೇ. ಮೂರೂ ಒಂದೇ ಕಂಪ್ಯೂಟರಿನಿಂದ ಹೊರಟವು, ಹಾಗಾಗಿ ಒಂದಕ್ಕೊಂದು ಸಾಕ್ಷಿಯಾಗಲಾರವು. ಇ-ಇನ್‌ವಾಯ್ಸ್‌ನ ಕ್ಯೂಆರ್ ಕೋಡ್ ಇದ್ದರೂ ಅದು ಹೇಳುವುದು ಬಿಲ್ಲು ಅಸಲಿ ಎಂದಷ್ಟೇ. ಮಾಲು ನಿಮ್ಮಲ್ಲಿಗೆ ಬಂತೇ ಎಂಬುದನ್ನು ಹೇಳಬಲ್ಲದ್ದು ಇಳಿಸಿಕೊಂಡವರ ಸಹಿ, ಸೀಲು ಇರುವ ಡೆಲಿವರಿ ಚಲನ್ ಅಥವಾ ಲಾರಿ ರಸೀದಿ. ಇನ್ನೊಂದು ಸಲ ಸ್ಟೇಟ್‌ಮೆಂಟ್ ಕೇಳುವ ಬದಲು ಬಿಲ್ಲಿನ ಪ್ರತಿ, ಸಾಗಣೆಯ ಕಾಗದ, ಸಹಿಯಾದ ಚಲನ್ ಇವನ್ನು ಕೇಳಿ. ವಾಟ್ಸಾಪಿನಲ್ಲಿ ಬಂದರೂ ಆದೀತು, ಸಹಿ ಮತ್ತು ಸೀಲು ಓದುವಂತಿರಬೇಕು.

ಆ ಕಾಗದ ಬರುವ ಮೊದಲು ಅಂಗಡಿಯೊಳಗೇ ಹುಡುಕಬಹುದಾದ ಒಂದು ಸುಳಿವಿದೆ. ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ನಂಬಿಕೆಯದು, ಯಾರೂ ನೋಡದೆ ಬಿಡುವುದೂ ಇದನ್ನೇ. ಟ್ಯಾಲಿಯಲ್ಲಿ ಸ್ಟಾಕ್ ಪಟ್ಟಿ ತೆರೆದಾಗ 110 ಎಂಎಂ ಪೈಪಿನ ಮುಂದೆ ಮೈನಸ್ ಅಂಕಿ ನಿಂತಿತ್ತು. ಇಲ್ಲದ ಪೈಪನ್ನು ಅಂಗಡಿ ಮಾರಿರುವುದು ಹೇಗೆ ಸಾಧ್ಯ? ಮಾರಾಟದ ಬಿಲ್ ತಿರುವಿದರೆ ಫೆಬ್ರವರಿ 20ರಂದು ಒಂದು ಮನೆ ಕಟ್ಟಡಕ್ಕೆ ಪೈಪು ಹೋಗಿದೆ. ಮಾಲೀಕರಿಗೆ ಆಗ ನೆನಪಾಯಿತು: ಅಂಗಡಿಯಲ್ಲಿ ಸ್ಟಾಕ್ ಇರಲಿಲ್ಲ, ಬೆಂಗಳೂರಿಗೆ ಫೋನ್ ಮಾಡಿ ಗಾಡಿಯನ್ನು ನೇರ ಸೈಟಿಗೇ ಕಳಿಸಿ ಎಂದಿದ್ದರು. ಸಗಟಿನವರಿಂದ ಬಂದ 1042ರ ಚಲನ್ ಮೇಲೆ ಇದ್ದದ್ದು ಆ ಸೈಟಿನ ಮೇಸ್ತ್ರಿಯ ಸಹಿ. ಬಿಲ್ಲೂ ಅವರ ಹತ್ತಿರವೇ ಉಳಿದಿತ್ತು. ಗ್ರಾಹಕ ಹೇಳಿದ ಕಡೆ ಮಾಲು ಇಳಿಸಿದರೆ ಅದು ಗ್ರಾಹಕನಿಗೇ ತಲುಪಿದಂತೆ ಎಂದು ಜಿಎಸ್‌ಟಿ ಕಾನೂನಿನ 16ನೇ ಸೆಕ್ಷನ್ನೇ ಹೇಳುತ್ತದೆ. ಆದ್ದರಿಂದ 47,200 ರೂಪಾಯಿ ಕೊಡಲೇಬೇಕಾದ ಬಾಕಿ. ಇನ್‌ವರ್ಡ್ ಪುಸ್ತಕದಲ್ಲಿ ಇಲ್ಲ ಎಂದ ಮಾತ್ರಕ್ಕೆ ಮಾಲು ಬಂದಿಲ್ಲ ಎಂದು ವಾದಿಸಿದ್ದರೆ ಅಂಗಡಿಯೇ ತಪ್ಪಾಗುತ್ತಿತ್ತು.

968ರ ಮಾಲಿನಲ್ಲಿ ಇದ್ದದ್ದು ಬಾಲ್ ವಾಲ್ವ್, ಟ್ಯಾಂಕ್ ನಿಪ್ಪಲ್‌ಗಳಂಥ ಸಣ್ಣ ಸಾಮಾನು. ಅವುಗಳ ಸ್ಟಾಕ್ ಪುಸ್ತಕದಲ್ಲಿ ಇದ್ದಷ್ಟೇ ರ‍್ಯಾಕಿನಲ್ಲೂ ಇತ್ತು. ಮಾಲು ಬಂದು ಬಿಲ್ಲು ಮಾತ್ರ ಕಳೆದಿದ್ದರೆ ರ‍್ಯಾಕಿನಲ್ಲಿ ಹೆಚ್ಚು ಸಿಗಬೇಕಿತ್ತು, ಇಲ್ಲವೇ ಮಾರಿ ಮೈನಸ್ ಆಗಬೇಕಿತ್ತು. ಲಾರಿ ರಸೀದಿ ತರಿಸಿ ನೋಡಿದಾಗ ಅದರ ಮೇಲಿದ್ದದ್ದು ಅರಸೀಕೆರೆಯ ಅಂಗಡಿಯೊಂದರ ಸೀಲು. ಎರಡೂ ಊರಿನ ಅಂಗಡಿಗೆ ಒಂದೇ ಹೆಸರು. ಬಿಲ್ ಹೊಡೆಯುವ ಹುಡುಗ ಪಟ್ಟಿಯಲ್ಲಿ ಮೊದಲು ಕಂಡ ಹೆಸರನ್ನು ಆರಿಸಿದ್ದ. ಮಾಲು ಆರ್ಡರ್ ಕೊಟ್ಟವರಿಗೇ ಹೋಗಿದೆ, ಬಿಲ್ಲು ತಿಪಟೂರಿನ ಖಾತೆಗೆ ಬಿದ್ದಿದೆ. ಬ್ಯಾಂಕಿನ ಯುಟಿಆರ್ ನಂಬರ್ ಕೊಟ್ಟು ಹುಡುಕಿಸಿದರೆ ಜಮಾ ಆಗದ 20,000 ರೂಪಾಯಿಯೂ ಅದೇ ಅರಸೀಕೆರೆ ಖಾತೆಯಲ್ಲಿ ಸಿಕ್ಕಿತು. ಹೀಗಾಗಿ ಬಿಲ್ಲಿನಲ್ಲಿ ಗೊಂದಲ ಕಂಡಾಗ ಕೊಟ್ಟ ಹಣವನ್ನೂ ಅದೇ ಕೂಡಿಕೆಯಲ್ಲಿ ಹುಡುಕಬೇಕು. ಇಂಥ ಬಿಲ್ಲುಗಳೆಲ್ಲ ಹೀಗೆ ಕೈತಪ್ಪಿನವೇ ಆಗಿರುತ್ತವೆ ಎಂದೂ ಅಲ್ಲ. ತಿಂಗಳ ಟಾರ್ಗೆಟ್ ಮುಟ್ಟಿಸಲು ಸೇಲ್ಸ್‌ನವನು ನಿಮ್ಮ ಹೆಸರಿಗೆ ಬಿಲ್ ಹಾಕಿಸಿ, ಮಾಲನ್ನು ಬೇರೆ ಕಡೆ ನಗದಿಗೆ ಇಳಿಸುವುದೂ ಉಂಟು. ಅದನ್ನು ಬಯಲಿಗೆ ತರುವುದೂ ಇಳಿಸಿಕೊಂಡವರ ಸಹಿಯೇ.

ಸಗಟಿನವರು ತಪ್ಪು ಒಪ್ಪಿದ ಮೇಲೂ ಅಂಗಡಿಯ ಕಡೆ ಒಂದು ಕೆಲಸ ಬಾಕಿಯಿತ್ತು. ಟ್ಯಾಕ್ಸ್ ಕನ್ಸಲ್ಟೆಂಟ್ ಪ್ರತಿ ತಿಂಗಳು 2ಬಿಯ ಮೊತ್ತವನ್ನು ಪೂರ್ತಿ ಎತ್ತಿಕೊಂಡು ರಿಟರ್ನ್ ಸಲ್ಲಿಸುತ್ತಿದ್ದರು. ಅಂದರೆ ಬಾರದ ಮಾಲಿನ ಮೇಲಿನ 6,300 ರೂಪಾಯಿ ಜಿಎಸ್‌ಟಿಯನ್ನೂ ಅಂಗಡಿ ಕ್ರೆಡಿಟ್ ಪಡೆದಿತ್ತು. ಮಾಲು ಕೈಸೇರದೆ ಕ್ರೆಡಿಟ್ ಪಡೆಯಲು ಅವಕಾಶವಿಲ್ಲ. ಅದನ್ನು ಹಿಂದಿರುಗಿಸಬೇಕು. ಆ ಮೊತ್ತವನ್ನು ತೆರಿಗೆ ಕಟ್ಟಲು ಬಳಸಿದ್ದರೆ ವರ್ಷಕ್ಕೆ ಶೇ. 18ರ ಬಡ್ಡಿಯೂ ಸೇರುತ್ತದೆ. ಆಮೇಲೆ ಸಗಟಿನವರ ಕ್ರೆಡಿಟ್ ನೋಟ್ 2ಬಿಯಲ್ಲಿ ಬಂದಾಗ ಅದೇ 6,300 ಇನ್ನೊಮ್ಮೆ ಕಡಿತವಾಗದಂತೆ ಗುರುತು ಹಾಕಿಟ್ಟುಕೊಳ್ಳಬೇಕು. 2024ರ ಅಕ್ಟೋಬರಿನಿಂದ ಪೋರ್ಟಲಿನಲ್ಲಿ ಬಿಲ್ಲೊಂದನ್ನು ಒಪ್ಪಲು, ತಿರಸ್ಕರಿಸಲು ಅಥವಾ ಬಾಕಿ ಇಡಲು ಸೌಲಭ್ಯ ಬಂದಿದೆ. ಯಾವುದನ್ನೂ ಒತ್ತದಿದ್ದರೆ ಒಪ್ಪಿದಂತೆಯೇ ಲೆಕ್ಕ. ಪ್ರತಿ ತಿಂಗಳು ರಿಟರ್ನಿಗೆ ಮೊದಲು ಆ ಪಟ್ಟಿಯನ್ನು ಇನ್‌ವರ್ಡ್ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದ್ದರೆ 968 ಫೆಬ್ರವರಿಯಲ್ಲೇ ಸಿಕ್ಕಿಬೀಳುತ್ತಿತ್ತು.

ಈಗ ಎರಡೂ ಲೆಕ್ಕವನ್ನು ಕೂಡಿಸಬಹುದು. ಅಂಗಡಿಯ 3,13,500ಕ್ಕೆ ಸೈಟಿಗೆ ಹೋದ 47,200, ದಾರಿಯಲ್ಲಿದ್ದ 70,800 ಸೇರಿದರೆ 4,31,500. ಸಗಟಿನವರ 4,98,700ರಲ್ಲಿ ಅರಸೀಕೆರೆಯ 41,300, ಜಮಾ ಆಗದ 20,000, ಒಡೆದ ಮಾಲಿನ 5,900 ಕಳೆದರೆ ಅದೂ 4,31,500.

ಇಷ್ಟಾಗುವವರೆಗೆ ಮೂಲ ಕಾಗದಕ್ಕೆ ಸಹಿ ಹಾಕಬಾರದು. ಬಾಕಿ ಒಪ್ಪಿ ಮಾಡಿದ ಸಹಿ ಸಾಲ ಒಪ್ಪಿದ ಬರಹವಾಗುತ್ತದೆ. ಕಾಲಮಿತಿ ಮುಗಿಯುವ ಮೊದಲು ಬರೆದುಕೊಟ್ಟರೆ ವಸೂಲಿಯ 3 ವರ್ಷದ ಅವಧಿ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಹಾಗೆಂದು ಉತ್ತರ ಕೊಡದೆ ಸುಮ್ಮನಿರುವುದೂ ಒಳ್ಳೆಯದಲ್ಲ. ‘ನಮ್ಮ ಪುಸ್ತಕದ ಪ್ರಕಾರ ಬಾಕಿ 3,13,500, ಈ ಕೆಳಗಿನ ಬಿಲ್ಲುಗಳ ಮಾಲು ಕೈಸೇರಿದ ದಾಖಲೆ ನಮ್ಮಲ್ಲಿಲ್ಲ, ಸಹಿಯಾದ ಚಲನ್ ಕಳಿಸಿ’ ಎಂದು ನಂಬರ್, ತಾರೀಕು, ಮೊತ್ತ ಬರೆದು ಈಮೇಲ್ ಮಾಡಿದರೆ ಸಾಕು. ತಕರಾರಿಲ್ಲದ ಹಣವನ್ನು ಯಾವ ಬಿಲ್ಲಿಗೆ ಎಂದು ನಮೂದಿಸಿ ಕೊಡುತ್ತಿರಬೇಕು, ಇಲ್ಲದಿದ್ದರೆ ಅವರು ಅದನ್ನು ತಕರಾರಿನ ಹಳೆಯ ಬಿಲ್ಲಿಗೇ ಜಮಾ ಮಾಡಿಕೊಂಡಾರು.

968ಕ್ಕೆ ಕ್ರೆಡಿಟ್ ನೋಟ್ ಕೊಡುತ್ತೇವೆ ಎಂದು ಫೋನಿನಲ್ಲಿ ಹೇಳಿದ್ದು ಸಾಲದು. 2024-25ರ ಬಿಲ್ಲಿಗೆ ಜಿಎಸ್‌ಟಿಯಲ್ಲಿ ಅದನ್ನು ತೋರಿಸಲು ಸಗಟಿನವರಿಗಿದ್ದ ಗಡುವು 2025ರ ನವೆಂಬರ್ 30, ಅದಕ್ಕಿಂತ ಮೊದಲೇ ವಾರ್ಷಿಕ ರಿಟರ್ನ್ ಸಲ್ಲಿಸಿದರೆ ಆ ದಿನವೇ. ಗಡುವು ದಾಟಿದರೆ ತಾವು ಕಟ್ಟಿದ 6,300 ರೂಪಾಯಿ ಅವರಿಗೆ ವಾಪಸ್ಸಾಗದು, ಆಗ ಅದನ್ನು ಯಾರು ಭರಿಸಬೇಕು ಎಂಬ ಹೊಸ ಜಗಳ ಹುಟ್ಟುತ್ತದೆ. ಆದ್ದರಿಂದ ಅಂಗಡಿಯವರು ಏಪ್ರಿಲಿನಲ್ಲೇ ಅದರ ನಂಬರ್ ಕೇಳಿ ಪಡೆದು, ಮೇ 14ರಂದು ಬಂದ 2ಬಿಯಲ್ಲಿ ಅದು ಇದೆಯೇ ಎಂದು ನೋಡಿಕೊಂಡ ಮೇಲೆ 4,31,500ರ ಬಾಕಿ ಕಾಗದಕ್ಕೆ ಸಹಿ ಹಾಕಿದರು.