5 ಜಿಬಿ ಮದುವೆ ವಿಡಿಯೊ ಕಳುಹಿಸುವುದು ಹೇಗೆ?

ವಾಟ್ಸ್‌ಆ್ಯಪ್ ಗುಂಪಿನಲ್ಲಿ 1,024 ಮಂದಿ ಇರಬಹುದಾದರೂ ಒಂದು ವಿಡಿಯೊ ಕರೆಗೆ ಸೇರಬಹುದಾದವರು 32 ಮಂದಿ ಮಾತ್ರ. ಕಡತವೊಂದರ ಮಿತಿ 2022ರಲ್ಲಿ 2 ಜಿಬಿಗೆ ಏರಿತು. ಹಾಗಾದರೆ 5 ಜಿಬಿಯ ಮದುವೆ ವಿಡಿಯೊ ಕಳುಹಿಸುವ ಬಗೆ ಹೇಗೆ?

ವಿಡಿಯೊ ಮೊದಲೇ ಸಂಕುಚಿತಗೊಂಡಿರುವುದರಿಂದ ಜಿಪ್ ಮಾಡಿದರೂ ಅದರ ಗಾತ್ರ ಅಷ್ಟಾಗಿ ತಗ್ಗದು. ಅದನ್ನು ಒಡೆದು ಕಳುಹಿಸುವುದೇ ದಾರಿ. ಕಂಪ್ಯೂಟರಿನಲ್ಲಿ 7-Zip ಎಂಬ ಉಚಿತ ತಂತ್ರಾಂಶ ತೆರೆದು, ಭಾಗದ ಗಾತ್ರವನ್ನು `1900M` ಎಂದು ನಮೂದಿಸಿದರೆ `.001`, `.002`, `.003` ಎಂದು ಕೊನೆಗೊಳ್ಳುವ ಮೂರು ಕಡತಗಳು ಸಿದ್ಧವಾಗುತ್ತವೆ. ಇವನ್ನು ಡಾಕ್ಯುಮೆಂಟ್ ರೂಪದಲ್ಲಿ ಕಳುಹಿಸಬೇಕು.

ಪಡೆದವರು ಮೂರನ್ನೂ ಒಂದೇ ಫೋಲ್ಡರಿನಲ್ಲಿರಿಸಿ, ಅದೇ ತಂತ್ರಾಂಶದಲ್ಲಿ ಮೊದಲನೆಯದನ್ನು ಬಿಡಿಸಿದರೆ ಉಳಿದವು ತಾವಾಗಿ ಕೂಡಿಕೊಳ್ಳುತ್ತವೆ. ಒಂದು ಭಾಗ ತಪ್ಪಿದರೂ ವಿಡಿಯೊ ಪೂರ್ಣವಾಗದು. ಆದ್ದರಿಂದ ಅದು ಅತ್ತ ಕೊನೆಯವರೆಗೂ ಓಡಿತೆಂದು ಖಚಿತವಾಗುವ ತನಕ ಮೂಲ ಪ್ರತಿಯನ್ನು ಅಳಿಸಬಾರದು.