ಬೀಟ್ ಬಿಟ್ಟು ಖಾತೆ ಹಿಡಿದಾಗ

ಬಿಸ್ಕತ್ತು ಮಾರುವ ಸೇಲ್ಸ್‌ಮನ್ ದಿನಕ್ಕೆ 40 ಅಂಗಡಿ ಸುತ್ತುತ್ತಾನೆ. ಕಿರಾಣಿ ಅಂಗಡಿಯವರು "ಎರಡು ಬಾಕ್ಸ್ ಹಾಕಪ್ಪ" ಅಂದರೆ ಆರ್ಡರ್ ಆಯಿತು. ಅವನೇ ಸೂಪರ್‌ಮಾರ್ಕೆಟ್ ಸರಣಿಯೊಂದರ ಕೀ ಅಕೌಂಟ್ ಮ್ಯಾನೇಜರ್ ಆದಾಗ ಹಳೇ ರೂಢಿಯಂತೆ ತಿಂಗಳ ಕೊನೆಗೆ ಸರಕು ತಳ್ಳುತ್ತಾನೆ, ಅಲ್ಲೇ ಎಡವುತ್ತಾನೆ.

ಸರಣಿಯ ಖರೀದಿ ಅಧಿಕಾರಿಯ ಲೆಕ್ಕ ಬೇರೆ. 1,000 ಬಾಕ್ಸ್ ಕೇಳಿದಾಗ 800 ಬಂದರೆ ಫಿಲ್ ರೇಟ್ ಶೇ 80. ಹಬ್ಬದ ವಾರ ಶೆಲ್ಫ್ ಖಾಲಿ ಬಿದ್ದರೆ ಆ ಜಾಗ ಎದುರಾಳಿಗೆ ಹೋಗಬಹುದು. ಹಾಗಾಗಿ ಹೊಸಬ ಮೊದಲು ಕೂರಬೇಕಾದದ್ದು ತನ್ನದೇ ಕಂಪನಿಯ ಗೋದಾಮು ಮತ್ತು ಅಕೌಂಟ್ಸ್ ವಿಭಾಗದವರ ಜೊತೆ. ಆಫರಿನ ಕ್ಲೇಮ್ ಬಾಕಿ ಉಳಿದರೆ ಸರಣಿಯವರು ಆ ಹಣವನ್ನು ಬಿಲ್ಲಿನಲ್ಲೇ ಮುರಿದುಕೊಳ್ಳುತ್ತಾರೆ.

ಬಿಸಿನೆಸ್ ಡೆವಲಪ್‌ಮೆಂಟ್ ಇನ್ನೂ ನಿಧಾನದ ಕೆಲಸ. ಹೊಸ ಸರಣಿಯೊಂದು ಮೊದಲ ಆರ್ಡರ್ ಕೊಡಲು ತಿಂಗಳುಗಳೇ ಹಿಡಿಯುತ್ತವೆ. ದಿನದ ಆರ್ಡರ್ ಪುಸ್ತಕ ಇಲ್ಲದ ಆ ಕಾಲವೇ ಬೀಟಿನಿಂದ ಬಂದವರಿಗೆ ಅತಿ ಕಷ್ಟ.