ಎರಡನೇ ಶಾಟಿನಲ್ಲಿ ಬದಲಾದ ಅಜ್ಜ

ಅಂಚೆಯ ನಿಂಗಪ್ಪಜ್ಜ ಸೈಕಲ್ ತುಳಿಯುತ್ತ ಊರಿಗೆ ಬರುತ್ತಾನೆ. ತುಳಸಿಕಟ್ಟೆಯಿರುವ ಮನೆಯ ಮುಂದೆ ಇಳಿದು, ಅಲ್ಲಿರುವ ಅಜ್ಜಿಗೆ ಕಾಗದ ಕೊಟ್ಟು ಹೋಗುತ್ತಾನೆ. ಕಥೆ ಇಷ್ಟೇ. ಅಕ್ಕನ ಮಗಳಿಗೆಂದು ಇದನ್ನು ನಲವತ್ತು ಸೆಕೆಂಡಿನ ಅನಿಮೇಷನ್ ಮಾಡಲು ಕೂತೆ. ಬೇಕಾದದ್ದನ್ನು ಮಾತಿನಲ್ಲಿ ಬರೆದುಕೊಟ್ಟರೆ ವಿಡಿಯೊ ಮಾಡಿಕೊಡುವ ತಂತ್ರಾಂಶಗಳು ಈಗ ಎಲ್ಲರ ಕೈಗೂ ಸಿಗುತ್ತವೆ. ಅಂಥದೊಂದರಲ್ಲಿ ಆರು ಶಾಟು ಮಾಡಿಸಿ, ಜೋಡಿಸಿ, ಹುಡುಗಿಗೆ ತೋರಿಸಿದೆ. ಎರಡನೇ ಶಾಟು ಬರುತ್ತಿದ್ದಂತೆ ಅವಳು ಕೇಳಿದಳು: “ಮಾಮ, ಮೊದಲಿನ ಅಜ್ಜ ಎಲ್ಲಿ ಹೋದ್ರು?”

ಅವಳು ಕೇಳಿದ್ದು ಸರಿಯಾಗಿತ್ತು. ಮೊದಲ ಶಾಟಿನ ಅಜ್ಜನಿಗೆ ದಪ್ಪ ಬಿಳಿ ಮೀಸೆ, ಖಾಕಿ ಅಂಗಿಗೆ ಎರಡು ಜೇಬು. ಎರಡನೆಯದರಲ್ಲಿ ಮೀಸೆ ತೆಳುವಾಗಿ ಬೂದಿ ಬಣ್ಣಕ್ಕೆ ತಿರುಗಿತ್ತು, ಜೇಬು ಒಂದೇ ಉಳಿದಿತ್ತು. ಬಾಗಿಲಿನ ಎಡಕ್ಕಿದ್ದ ತುಳಸಿಕಟ್ಟೆ ಮೂರನೇ ಶಾಟಿನಲ್ಲಿ ಬಲಕ್ಕೆ ಹೋಗಿತ್ತು, ನಾಲ್ಕರಲ್ಲಿ ಇರಲೇ ಇಲ್ಲ. ಬಿಡಿಬಿಡಿಯಾಗಿ ನೋಡಿದರೆ ಪ್ರತಿ ಶಾಟೂ ಚೆಂದ. ಜೋಡಿಸಿದರೆ ಆರು ಅಜ್ಜಂದಿರು, ಆರು ಮನೆಗಳು.

ಹೀಗೇಕಾಗುತ್ತದೆ ಎಂದು ತಿಳಿದರೆ ಪರಿಹಾರದ ದಾರಿಯೂ ಕಾಣುತ್ತದೆ. ಈ ತಂತ್ರಾಂಶಗಳಲ್ಲಿ ಹೆಚ್ಚಿನವು ಚಿತ್ರ ಬರೆಯಲು ಶುರುಮಾಡುವುದು ಬರೀ ಚುಕ್ಕೆಗಳ ರಾಶಿಯಿಂದ. ಹಿಂದೆ ಟಿ.ವಿ.ಯಲ್ಲಿ ಸಿಗ್ನಲ್ ಹೋದಾಗ ಬರುತ್ತಿದ್ದ ಚುಕ್ಕೆಗಳನ್ನು ನೆನೆಸಿಕೊಳ್ಳಿ. ಆ ಗದ್ದಲವನ್ನು ಹಂತಹಂತವಾಗಿ ತಿಳಿಗೊಳಿಸುತ್ತ, ನಾವು ಬರೆದ ಮಾತಿಗೆ ಹೊಂದುವ ದೃಶ್ಯವನ್ನು ಅದು ಹೊರತೆಗೆಯುತ್ತದೆ. ಒಂದು ಕ್ಲಿಪ್ಪಿನೊಳಗಿನ ಚೌಕಟ್ಟುಗಳನ್ನು ಅದು ಒಂದಕ್ಕೊಂದು ಹೊಂದಿಸಿಕೊಂಡೇ ತಿಳಿಗೊಳಿಸುವುದರಿಂದ ಐದೋ ಎಂಟೋ ಸೆಕೆಂಡು ಮುಖ ಬಹುಮಟ್ಟಿಗೆ ಒಂದೇ ಆಗಿ ನಿಲ್ಲುತ್ತದೆ. ಕ್ಲಿಪ್ ಮುಗಿದ ಮೇಲೆ, ನಾವಾಗಿ ಏನನ್ನಾದರೂ ಕೊಡದ ಹೊರತು, ಮುಂದಿನದಕ್ಕೆ ಏನೂ ದಾಟುವುದಿಲ್ಲ. ಮತ್ತೆ ಹೊಸ ಚುಕ್ಕೆಗಳು, ಮತ್ತೆ ಹೊಸ ಅಜ್ಜ. ‘ಬಿಳಿ ಮೀಸೆಯ ಮುದುಕ ಅಂಚೆಯಣ್ಣ’ ಎಂಬ ಮಾತಿಗೆ ಸಾವಿರ ಮುಖಗಳು ಹೊಂದುತ್ತವಲ್ಲ, ಅವುಗಳಲ್ಲಿ ಯಾವುದೋ ಒಂದು ಬರುತ್ತದೆ.

ಹಾಗಾದರೆ ವಿವರ ಹೆಚ್ಚಿಸಿದರೆ ಆಯಿತಲ್ಲ ಎನ್ನಬಹುದು. ಟೊರಾಂಟೊದ ಶೈ ಕಿಡ್ಸ್ ತಂಡ ಇದನ್ನು ಮಾಡಿಯೇ ನೋಡಿತು. ಓಪನ್‌ಎಐ ಸಂಸ್ಥೆಯ ಸೋರಾ ಬಳಸಿ 2024ರಲ್ಲಿ ಅವರು ‘ಏರ್ ಹೆಡ್’ ಎಂಬ ಕಿರುಚಿತ್ರ ಮಾಡಿದರು. ಅದರ ನಾಯಕನಿಗೆ ತಲೆಯ ಜಾಗದಲ್ಲಿ ಹಳದಿ ಬಲೂನು. ಬಟ್ಟೆ ಎಂಥದು, ಬಲೂನು ಎಂಥದು ಎಂದು ಪ್ರತಿ ಶಾಟಿಗೂ ಬಿಡಿಸಿ ಬರೆದರೂ ಬಲೂನಿನ ಬಣ್ಣ ಬದಲಾಗುತ್ತಿತ್ತು, ಕೆಲವೊಮ್ಮೆ ಅದರ ಮೇಲೆ ಮುಖವೇ ಮೂಡುತ್ತಿತ್ತು. ಅವನ್ನೆಲ್ಲ ಅವರು ಆಮೇಲೆ ಸಂಕಲನದಲ್ಲಿ ಕೈಯಾರೆ ತಿದ್ದಬೇಕಾಯಿತು. ಕಣ್ಣು, ಮೂಗು, ಮೀಸೆ ಏನೂ ಇಲ್ಲದ ಬಲೂನಿನ ಕಥೆಯೇ ಹೀಗಾದರೆ ನಮ್ಮ ನಿಂಗಪ್ಪಜ್ಜನ ಪಾಡೇನು?

ಆದ್ದರಿಂದ ನನ್ನ ಅನುಭವದ ಮಾತು ಇದು: ಮುಖವನ್ನು ಮಾತಿನಲ್ಲಿ ಹಿಡಿದಿಡಲು ಆಗುವುದಿಲ್ಲ, ಚಿತ್ರದಲ್ಲೇ ಹಿಡಿದಿಡಬೇಕು. ಕೈಯಲ್ಲಿ ಚಿತ್ರ ಬರೆದು ಅನಿಮೇಷನ್ ಮಾಡುವವರಿಗೆ ಇದು ಹೊಸತಲ್ಲ. ಒಂದೇ ಪಾತ್ರವನ್ನು ಹತ್ತಾರು ಕಲಾವಿದರು ಬರೆಯುವಾಗ ಎಲ್ಲರ ಮುಂದೂ ಒಂದು ಮಾಡೆಲ್ ಶೀಟ್ ಇರುತ್ತಿತ್ತು. ಪಾತ್ರ ಎದುರಿನಿಂದ, ಪಕ್ಕದಿಂದ, ಹಿಂದಿನಿಂದ ಹೇಗೆ ಕಾಣುತ್ತದೆ ಎಂಬುದು ಅದರಲ್ಲಿ ಇರುತ್ತಿತ್ತು. ನಾನೂ ವಿಡಿಯೊ ಬದಿಗಿಟ್ಟು, ಸ್ಥಿರಚಿತ್ರ ಮಾಡುವ ತಂತ್ರಾಂಶದಲ್ಲಿ ಮೊದಲು ಅಜ್ಜನೊಬ್ಬನನ್ನೇ ಬರೆಸಿದೆ. ಖಾಲಿ ಹಿನ್ನೆಲೆ, ನೆರಳಿಲ್ಲದ ಸಮ ಬೆಳಕು. ಸಂಜೆಬಿಸಿಲಿನ ಅಜ್ಜ ಎಷ್ಟೇ ಚೆಂದ ಕಂಡರೂ ಇಲ್ಲಿ ಬೇಡ, ಯಾಕೆಂದರೆ ಆ ಕೆಂಪು ಬೆಳಕು ಅವನ ಮೈಬಣ್ಣವೆಂದೇ ಮುಂದಿನ ಶಾಟುಗಳಿಗೆ ಹೋಗಿಬಿಡುತ್ತದೆ. ಹಿಡಿಸಿದ ಮುಖ ಸಿಕ್ಕ ಮೇಲೆ ಅದೇ ಚಿತ್ರವನ್ನು ಆಧಾರವಾಗಿ ಕೊಟ್ಟು ಪಕ್ಕದ ನೋಟ, ಬೆನ್ನಿನ ನೋಟ ಮಾಡಿಸಿದೆ. ಇಲ್ಲೇ ಅವನ ಉಡುಪನ್ನೂ ಸರಳ ಮಾಡಿದೆ. ಚೌಕಳಿಯ ಶಾಲು ತೆಗೆದೆ. ಚೌಕಳಿ, ಸಣ್ಣ ಹೂವು, ಎದೆಯ ಬಿಲ್ಲೆಯ ಮೇಲಿನ ಅಕ್ಷರ ಇಂಥವೇ ಮೊದಲು ಕೆಡುವುದು. ಬದಲಿಗೆ ದೂರದಿಂದಲೂ ಗುರುತು ಸಿಗುವ ಒಂದು ಕೆಂಪು ಮಫ್ಲರ್ ಹಾಕಿದೆ.

ಮನೆಗೂ ಇದೇ ಕ್ರಮ. ಯಾರೂ ಇಲ್ಲದ ಅಂಗಳದ ಚಿತ್ರವೊಂದನ್ನು ಮೊದಲು ಮಾಡಿಸಿ, ಒಂದು ಹಾಳೆಯ ಮೇಲೆ ನಕ್ಷೆ ಬರೆದುಕೊಂಡೆ: ಬಾಗಿಲು ಇಲ್ಲಿ, ಕಟ್ಟೆ ಅದರ ಎಡಕ್ಕೆ, ಬೇಲಿ ಆಚೆ. ಸ್ಥಳದ ವಿಷಯದಲ್ಲಿ ನಿಜವಾದ ಕಷ್ಟ ಬರುವುದು ಕ್ಯಾಮೆರಾ ತಿರುಗಿದಾಗ. ಅಜ್ಜಿಯ ಕಡೆಯಿಂದ ಅಜ್ಜನನ್ನು ನೋಡಬೇಕೆಂದರೆ ಅಂಗಳದ ಆ ಬದಿ ನಮ್ಮ ಚಿತ್ರದಲ್ಲಿಲ್ಲ. ತಂತ್ರಾಂಶ ಅದನ್ನು ಊಹಿಸಿಕೊಳ್ಳುತ್ತದೆ, ಪ್ರತಿ ಸಲವೂ ಬೇರೆ ಬೇರೆಯಾಗಿ. ಹಾಗಾಗಿ ಆ ಎದುರು ಬದಿಗೂ ಒಂದು ಖಾಲಿ ಚಿತ್ರ ಬೇಕೇ ಬೇಕು. ಎರಡು ಚಿತ್ರ ಸಾಕಾಗುವಂತೆ ನಾನು ಶಾಟುಗಳನ್ನೇ ಬದಲಿಸಿಕೊಂಡೆ. ಕ್ಯಾಮೆರಾ ಮನೆಯ ಸುತ್ತ ತಿರುಗುವ ಒಂದು ಶಾಟಿನ ಆಸೆ ಬಿಟ್ಟೆ.

ಇಷ್ಟಾದ ಮೇಲೆ ಪ್ರತಿ ಶಾಟಿನ ಮೊದಲ ಚೌಕಟ್ಟನ್ನು ತಯಾರಿಸುವ ಕೆಲಸ. ಅಜ್ಜನ ಚಿತ್ರ, ಅಂಗಳದ ಚಿತ್ರ ಎರಡನ್ನೂ ಕೊಟ್ಟು, ‘ಈತ ಈ ಅಂಗಳದಲ್ಲಿ ಸೈಕಲ್ ಹಿಡಿದು ನಿಂತಿದ್ದಾನೆ’ ಎಂದು ಒಂದು ಸ್ಥಿರಚಿತ್ರ ಮಾಡಿಸಿದೆ. ಆರು ಶಾಟಿಗೆ ಆರು ಚಿತ್ರ. ವಿಡಿಯೊ ತಂತ್ರಾಂಶದ ಕೈಗೆ ಕೊಟ್ಟದ್ದು ಇವನ್ನೇ. ಈಗ ಬರೆಯಬೇಕಾದ ಮಾತೂ ಚಿಕ್ಕದಾಯಿತು: ‘ಚೀಲದಿಂದ ಕಾಗದ ತೆಗೆಯುತ್ತಾನೆ, ಕ್ಯಾಮೆರಾ ಅಲುಗುವುದಿಲ್ಲ.’ ಮೀಸೆ, ಅಂಗಿ, ಕಟ್ಟೆ ಎಲ್ಲ ಚಿತ್ರದಲ್ಲೇ ಇರುವಾಗ ಅವನ್ನು ಮತ್ತೆ ವರ್ಣಿಸಲು ಹೋಗಬಾರದು. ಮಾತು ಒಂದು ಹೇಳಿ ಚಿತ್ರ ಇನ್ನೊಂದು ಹೇಳಿದರೆ ಎರಡರ ನಡುವಿನ ಅಜ್ಜನೊಬ್ಬ ಹುಟ್ಟುತ್ತಾನೆ.

ಒಂದು ಸುಲಭದ ದಾರಿ ಎಲ್ಲರನ್ನೂ ಸೆಳೆಯುತ್ತದೆ, ನನ್ನನ್ನೂ ಸೆಳೆದಿತ್ತು. ಮೊದಲ ಕ್ಲಿಪ್ಪಿನ ಕೊನೆಯ ಚೌಕಟ್ಟನ್ನೇ ತೆಗೆದು ಎರಡನೆಯದರ ಮೊದಲ ಚೌಕಟ್ಟಾಗಿ ಕೊಡುವುದು, ಹೀಗೇ ಸರಪಳಿ ಮಾಡುತ್ತ ಹೋಗುವುದು. ಒಂದು ಸಲಕ್ಕೆ ಇದು ಚೆನ್ನಾಗಿಯೇ ನಡೆಯುತ್ತದೆ. ನಾಲ್ಕನೆಯ ಸಲಕ್ಕೆ ನನ್ನ ಅಜ್ಜನ ಮುಖ ನುಣುಪಾಗಿ, ಬಣ್ಣ ಗಾಢವಾಗಿ, ಸುಕ್ಕುಗಳೆಲ್ಲ ಮಾಯವಾಗಿ ಹತ್ತು ವರ್ಷ ಚಿಕ್ಕವನಾಗಿದ್ದ. ಜೆರಾಕ್ಸಿನ ಜೆರಾಕ್ಸ್ ತೆಗೆದಂತೆ ಪ್ರತಿ ಸಲದ ಸಣ್ಣ ತಪ್ಪು ಮುಂದಿನದಕ್ಕೆ ಸೇರಿಕೊಳ್ಳುತ್ತದೆ. ಸರಪಳಿ ಬೇಕೆನಿಸಿದರೆ ಒಂದೇ ಕೊಂಡಿ ಸಾಕು. ಆಮೇಲೆ ಮೂಲ ಚಿತ್ರಕ್ಕೇ ಮರಳಬೇಕು.

ಇಷ್ಟೆಲ್ಲ ಮಾಡಿದರೂ ಒಂದು ಮಿತಿ ಉಳಿದೇ ಉಳಿಯಿತು. ಅಜ್ಜ ಪೂರ್ತಿ ಬೆನ್ನು ತಿರುಗಿಸಿ ಮತ್ತೆ ಈಚೆ ನೋಡಿದರೆ, ಅಥವಾ ಕಂಬದ ಮರೆಗೆ ಹೋಗಿ ಹೊರಬಂದರೆ, ಬರುವ ಮುಖ ಹೋದ ಮುಖದಂತಿರುತ್ತದೆ ಎಂಬ ಭರವಸೆಯಿಲ್ಲ. ಅಂಥ ಜಾಗದಲ್ಲಿ ಶಾಟನ್ನು ಕತ್ತರಿಸಿ, ಹೊಸ ಮೊದಲ ಚೌಕಟ್ಟಿನಿಂದ ಶುರುಮಾಡುವುದೇ ಕ್ಷೇಮ. ನಮ್ಮ ಕಣ್ಣು ಚಲನೆಯ ಬೆನ್ನು ಹತ್ತುವುದರಿಂದ ವಿಡಿಯೊ ಓಡುವಾಗ ತಪ್ಪು ಕಾಣುವುದಿಲ್ಲ. ಪ್ರತಿ ಕ್ಲಿಪ್ಪಿನ ಮೊದಲ, ನಡುವಿನ, ಕೊನೆಯ ಚೌಕಟ್ಟುಗಳನ್ನು ತೆಗೆದು ಒಂದೇ ಪರದೆಯಲ್ಲಿ ಸಾಲಾಗಿಟ್ಟು ನೋಡಿ. ಜೇಬೆಷ್ಟು, ಚೀಲ ಯಾವ ಹೆಗಲಿಗೆ, ಕಟ್ಟೆ ಯಾವ ಬದಿಗೆ ಎಂದು ಎಣಿಸಿ. ನನ್ನ ಐದನೇ ಶಾಟಿನಲ್ಲಿ ಚೀಲ ಹೆಗಲು ಬದಲಿಸಿದ್ದು ಸಿಕ್ಕಿದ್ದು ಹೀಗೆಯೇ. ಆ ಶಾಟಿನ ಕೊನೆಯ ಎರಡು ಸೆಕೆಂಡು ಕತ್ತರಿಸಿ ಹಾಕಿದೆ. ಉಳಿದ ಸಣ್ಣಪುಟ್ಟ ಬಣ್ಣದ ವ್ಯತ್ಯಾಸವನ್ನು ಸಂಕಲನದಲ್ಲಿ ಸರಿಮಾಡಿದೆ.

ಎರಡನೇ ಸಲ ತೋರಿಸಿದಾಗ ಹುಡುಗಿ ಅಜ್ಜನ ಬಗ್ಗೆ ಏನೂ ಕೇಳಲಿಲ್ಲ. ಕಾಗದದಲ್ಲಿ ಏನು ಬರೆದಿತ್ತು ಎಂದು ಕೇಳಿದಳು. ನೀವು ಶುರುಮಾಡುವವರಾದರೆ ಒಂದು ಪಾತ್ರ, ಒಂದು ಅಂಗಳ, ನಾಲ್ಕು ಶಾಟು ಇಟ್ಟುಕೊಳ್ಳಿ. ನಾಲ್ಕರ ಮೊದಲ ಚೌಕಟ್ಟುಗಳೂ ಅಕ್ಕಪಕ್ಕ ಇಟ್ಟಾಗ ಒಪ್ಪಿಗೆಯಾಗುವವರೆಗೆ ವಿಡಿಯೊ ಗುಂಡಿ ಒತ್ತಬೇಡಿ.